ಗಾಜಿನ ಡಬ್ಬಿಯೊಳಗಿನ ಸ್ವಿಚ್

ಶೋಭಾ, ಜೆ.ಪಿ. ನಗರ: ನಮ್ಮದು ಹತ್ತು ಮಹಡಿ ಅಪಾರ್ಟ್‌ಮೆಂಟ್. ‘ಬೆಂಕಿ ಬಿದ್ದಾಗ ಲಿಫ್ಟ್ ಬಳಸಬೇಡಿ’ ಅಂತ ಬೋರ್ಡ್ ಇದೆ, ಅದರ ಪಕ್ಕದಲ್ಲೇ ಗಾಜಿನ ಡಬ್ಬಿಯಲ್ಲಿ ಫೈರ್‌ಮನ್ ಸ್ವಿಚ್ ಅಂತಾನೂ ಇದೆ. ನಾವು ಹತ್ತಬಾರದ ಲಿಫ್ಟನ್ನ ಫೈರ್‌ನವರು ಹೇಗೆ ಹತ್ತುತ್ತಾರೆ? ಅಕಸ್ಮಾತ್ ಒಳಗೆ ಸಿಕ್ಕಿಕೊಂಡರೆ ಏನು ಮಾಡಬೇಕು?

ನಾಗರಾಜ್, ವಿಜಯನಗರ: ಕರೆಂಟ್ ಹೋದರೆ ಮಧ್ಯದಲ್ಲಿ ನಿಂತುಬಿಡುತ್ತೆ ಅಂತ ಆ ಬೋರ್ಡ್ ಹಾಕೋದು ಮೇಡಂ. ಈಗಿನ ಲಿಫ್ಟ್‌ಗಳಲ್ಲಿ ಎ.ಆರ್.ಡಿ. ಇರುತ್ತೆ. ಕರೆಂಟ್ ಹೋದ ತಕ್ಷಣ ಬ್ಯಾಟರಿ ಮೇಲೆ ಹತ್ತಿರದ ಮಹಡಿಗೆ ಹೋಗಿ ಬಾಗಿಲು ತೆಗೆಯುತ್ತೆ. ಅದಿದ್ದರೆ ಅಷ್ಟು ಭಯ ಬೇಕಿಲ್ಲ.

ಮಂಜುನಾಥ್ (ಲಿಫ್ಟ್ ಮೆಕ್ಯಾನಿಕ್, 22 ವರ್ಷದಿಂದ ಇದೇ ಕೆಲಸ): ನಾಗರಾಜ್ ಸರ್, ಎ.ಆರ್.ಡಿ. ಬಗ್ಗೆ ನೀವು ಹೇಳಿದ್ದು ಸರಿ, ‘ಭಯ ಬೇಕಿಲ್ಲ’ ಅಂದಿದ್ದು ತಪ್ಪು. ನಾನೇ ಹೋಗಿ ನೋಡಿದ ಒಂದು ಕೇಸ್ ಹೇಳುತ್ತೇನೆ.

ಒಂಬತ್ತು ಮಹಡಿ ಕಟ್ಟಡ. ಸಂಜೆ ನಾಲ್ಕನೇ ಮಹಡಿಯ ಎಲೆಕ್ಟ್ರಿಕಲ್ ಡಕ್ಟ್‌ನಲ್ಲಿ ಕೇಬಲ್ ಸುಟ್ಟು ಹೊಗೆ ಬಂತು. ಅದೇ ಹೊತ್ತಿಗೆ ಮೇಲಿನಿಂದ ಇಬ್ಬರು ಹೆಂಗಸರು, ಒಬ್ಬ ಹುಡುಗ ಲಿಫ್ಟ್‌ನಲ್ಲಿ ಇಳಿಯುತ್ತಿದ್ದರು. ಕೆಳಗೆ ಸೆಕ್ಯೂರಿಟಿಯವನು ಒಳ್ಳೆಯದಕ್ಕೇ ಅಂತ ಓಡಿಹೋಗಿ ಮೇನ್ ಆಫ್ ಮಾಡಿದ. ಲಿಫ್ಟ್ ಐದು ಮತ್ತು ನಾಲ್ಕರ ನಡುವೆ ನಿಂತಿತು. ಕೆಲವು ಸೆಕೆಂಡ್ ಆದ ಮೇಲೆ ಎ.ಆರ್.ಡಿ. ತನ್ನ ಕೆಲಸ ಚಾಚೂ ತಪ್ಪದೆ ಮಾಡಿತು. ನಿಧಾನಕ್ಕೆ ಇಳಿದು, ಹತ್ತಿರದ ಮಹಡಿಯಾದ ನಾಲ್ಕಕ್ಕೆ ಬಂದು ಬಾಗಿಲು ತೆಗೆಯಿತು. ಎದುರಿಗೆ ಕಪ್ಪು ಹೊಗೆ. ಬಟನ್ ಎಷ್ಟು ಒತ್ತಿದರೂ ಬಾಗಿಲು ಮುಚ್ಚಲಿಲ್ಲ, ಏಕೆಂದರೆ ಬಾಗಿಲು ತೆಗೆದ ಮೇಲೆ ಎ.ಆರ್.ಡಿ. ಕೆಲಸ ಮುಗಿಯಿತು, ಮೇನ್ ಕರೆಂಟ್ ಇಲ್ಲ. ಮೆಟ್ಟಿಲು ಲಿಫ್ಟ್‌ನ ಎಡಗಡೆ ನಾಲ್ಕು ಹೆಜ್ಜೆಯಲ್ಲಿತ್ತು. ಹುಡುಗನಿಗೆ ಜಾಗ ಗೊತ್ತಿತ್ತು, ಬಗ್ಗಿಕೊಂಡು ಇಬ್ಬರನ್ನೂ ಎಳೆದುಕೊಂಡು ಹೋದ. ಬದುಕಿದರು.

ಎ.ಆರ್.ಡಿ.ಗೆ ಗೊತ್ತಿರುವುದು ಹತ್ತಿರದ ಮಹಡಿ ಯಾವುದು ಅಂತ ಮಾತ್ರ. ಅಲ್ಲಿ ಹೊಗೆ ಇದೆಯೋ ಇಲ್ಲವೋ ಅದಕ್ಕೆ ತಿಳಿಯದು.

ಕರೆಂಟ್ ಇದ್ದರೂ ಕಥೆ ಹೀಗೇ ಆಗಬಹುದು. ಬಾಗಿಲಿಗೆ ಅಡ್ಡ ಯಾರಾದರೂ ಇದ್ದಾರೋ ಅಂತ ನೋಡುವ ಸೆನ್ಸರ್ ಕಣ್ಣಿಗೆ ಕಾಣದ ಬೆಳಕಿನ ಗೆರೆಗಳ ಮೇಲೆ ಕೆಲಸ ಮಾಡುತ್ತೆ. ದಟ್ಟ ಹೊಗೆ ಆ ಗೆರೆಯನ್ನು ಮುಚ್ಚಿದರೆ, ಬಾಗಿಲಲ್ಲಿ ಮನುಷ್ಯ ನಿಂತಿದ್ದಾನೆ ಅಂದುಕೊಂಡು ಬಾಗಿಲು ಮುಚ್ಚುವುದೇ ಇಲ್ಲ. ಇನ್ನು ಶಾಫ್ಟ್ ಅಂದರೆ ಹಳೇ ಮನೆಯ ಹೊಗೆಗೂಡು ಇದ್ದ ಹಾಗೆ, ಕೆಳಗಿನಿಂದ ಮೇಲಿನವರೆಗೆ ಒಂದೇ ಕೊಳವೆ. ಪ್ರತಿ ಮಹಡಿಯ ಬಾಗಿಲ ಸುತ್ತ ಕೆಲವು ಮಿಲಿಮೀಟರ್ ಸಂದು ಇದ್ದೇ ಇರುತ್ತೆ. ಮೂರರ ಹೊಗೆ ಒಂಬತ್ತಕ್ಕೆ ಏರಲು ಅಷ್ಟು ಸಾಕು, ಅದರ ಮಧ್ಯದಲ್ಲಿ ನೇತಾಡುತ್ತಿರುವುದು ನೀವಿರುವ ಪೆಟ್ಟಿಗೆ. ಮೇಲಿನಿಂದ ಪೈಪ್‌ನ ನೀರು ಇಳಿದು ಬಾಗಿಲ ಲಾಕ್‌ಗಳ ವೈರಿಂಗ್ ನೆನೆದರೆ ಲಿಫ್ಟ್ ಅಲ್ಲೇ ನಿಲ್ಲುತ್ತೆ.

ಶೋಭಾ: ಹಾಗಾದರೆ ಫೈರ್‌ನವರಿಗೂ ಇದೇ ಗತಿಯಲ್ಲವೇ?

ಮಂಜುನಾಥ್: ಆ ಸ್ವಿಚ್ ಇರುವುದು ಅದಕ್ಕೇ ಅಕ್ಕ. ಅದನ್ನು ಹಾಕಿದ ಕೂಡಲೇ ಮಹಡಿಗಳಲ್ಲಿರುವ ಬಟನ್‌ಗಳೆಲ್ಲ ಸತ್ತಹಾಗೆ, ಯಾರು ಎಷ್ಟು ಒತ್ತಿದರೂ ಬರುವುದಿಲ್ಲ. ಒಳಗಿದ್ದವರು ಒತ್ತಿದ್ದ ನಂಬರ್‌ಗಳೂ ಅಳಿಸಿಹೋಗುತ್ತವೆ. ಮೇಲಕ್ಕೆ ಹೋಗುತ್ತಿದ್ದ ಲಿಫ್ಟ್ ಮುಂದಿನ ಮಹಡಿಯಲ್ಲಿ ಬಾಗಿಲು ತೆರೆಯದೆ ನಿಂತು, ದಿಕ್ಕು ಬದಲಿಸಿ, ಸೀದಾ ಗ್ರೌಂಡ್ ಫ್ಲೋರ್‌ಗೆ ಬಂದು ಬಾಗಿಲು ತೆರೆದುಕೊಂಡು ಕಾಯುತ್ತೆ. ಹೀಗೆ ತಾನೇ ತಿರುಗಿ ಬರುವಾಗ ಒಳಗಿದ್ದವರು ಗಾಬರಿಯಾಗಿ ಬಾಗಿಲು ಎಳೆಯಬಾರದು, ಲಿಫ್ಟ್ ನಿಮ್ಮನ್ನು ಹೊರಗೆ ತರುತ್ತಿದೆ ಅಂತ ಅರ್ಥ.

ಆಮೇಲೆ ಫೈರ್‌ನವರು ಒಳಗೆ ಹೋದಾಗ ಲಿಫ್ಟ್ ಅವರ ಮಾತು ಮಾತ್ರ ಕೇಳುತ್ತೆ. ಈ ವ್ಯವಸ್ಥೆ ಪೂರ್ತಿ ಇರುವ ಲಿಫ್ಟ್‌ಗಳಲ್ಲಿ ಬಾಗಿಲು ಮುಚ್ಚುವ ಬಟನ್ ಹಿಡಿದೇ ಇರಬೇಕು. ಮೇಲೆ ತಲುಪಿದಾಗ ಬಾಗಿಲು ತಾನಾಗಿ ತೆರೆಯುವುದಿಲ್ಲ, ತೆರೆಯುವ ಬಟನ್ ಒತ್ತಿ ಹಿಡಿಯಬೇಕು. ಪೂರ್ತಿ ತೆರೆಯುವ ಮುಂಚೆ ಕೈ ಬಿಟ್ಟರೆ ತಕ್ಷಣ ಮುಚ್ಚಿಕೊಳ್ಳುತ್ತೆ. ಹೊಗೆಗೆ ಮೋಸ ಹೋಗುವ ಆ ಬಾಗಿಲ ಸೆನ್ಸರ್ ಈ ಹೊತ್ತಿನಲ್ಲಿ ಕೆಲಸಕ್ಕಿಲ್ಲ.

ಕೃಷ್ಣಪ್ಪ (ಅಗ್ನಿಶಾಮಕದಲ್ಲಿ ಇದ್ದು ನಿವೃತ್ತ): ಮಂಜುನಾಥ್ ಹೇಳಿದ ಆ ‘ಕೈ ಬಿಟ್ಟರೆ ಮುಚ್ಚುವುದು’ ನಮ್ಮ ಪ್ರಾಣ ಉಳಿಸುವ ವಿಷಯ. ಬಾಗಿಲನ್ನು ಅಂಗೈಯಗಲ ತೆರೆದು ನೋಡುತ್ತೇವೆ. ಬಿಸಿಗಾಳಿ ಮುಖಕ್ಕೆ ಹೊಡೆದರೆ ಬೆರಳು ತೆಗೆಯುತ್ತೇವೆ, ಬಾಗಿಲು ಮುಚ್ಚುತ್ತೆ, ಕೆಳಗಿಳಿಯುತ್ತೇವೆ. ಜೊತೆಗೆ ಬೆಂಕಿ ಬಿದ್ದ ಮಹಡಿಗೇ ಲಿಫ್ಟ್‌ನಲ್ಲಿ ಹೋಗುವುದಿಲ್ಲ. ಎರಡು ಮಹಡಿ ಕೆಳಗೆ ಇಳಿದು, ಅಲ್ಲಿಂದ ಮೆಟ್ಟಿಲಲ್ಲಿ ಪೈಪ್ ಹಿಡಿದು ಹತ್ತುತ್ತೇವೆ. ಮೈಮೇಲೆ ಉಸಿರಾಟದ ಸಿಲಿಂಡರ್ ಇರುತ್ತೆ, ವೈರ್‌ಲೆಸ್ ಇರುತ್ತೆ. ಲುಂಗಿ, ನೈಟಿಯಲ್ಲಿ ಇರುವವರಿಗೆ ಇದು ಯಾವುದೂ ಇಲ್ಲ.

2010ರ ಫೆಬ್ರವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಹೋದರು. ಹೊಗೆ ತಾಳಲಾರದೆ ಮೇಲಿನಿಂದ ಹಾರಿದವರೂ ಇದ್ದರು. ಹೊಗೆ ಬೆಂಕಿಗಿಂತ ಬೇಗ ಓಡುತ್ತೆ ಎನ್ನುವುದನ್ನು ಅವತ್ತು ಈ ಊರು ಕಣ್ಣಾರೆ ನೋಡಿತು.

ಸೆಕ್ಯೂರಿಟಿಯವರಿಗೆ ಒಂದು ಮಾತು. ಮೇನ್ ಎಳೆಯುವ ಮುಂಚೆ ಲಿಫ್ಟ್‌ಗಳನ್ನು ಸ್ವಿಚ್ ಹಾಕಿ ಕೆಳಗೆ ಕರೆಸಿ, ಒಳಗೆ ಯಾರೂ ಇಲ್ಲ ಅಂತ ನೋಡಿ.

ಲತಾ, ಬಸವೇಶ್ವರನಗರ: ನಮ್ಮ ಲಿಫ್ಟ್ ತಿಂಗಳಿಗೆ ಮೂರು ಸಲ ನಿಲ್ಲುತ್ತೆ. ಕಳೆದ ವಾರ ನಾನು ಇಪ್ಪತ್ತು ನಿಮಿಷ ಒಳಗಿದ್ದೆ, ಉಸಿರೇ ಕಟ್ಟಿದ ಹಾಗಾಯ್ತು. ವಾಚ್‌ಮನ್ ಕೀ ಹಾಕಿ ಬಾಗಿಲು ತೆಗೆದ, ಲಿಫ್ಟ್ ಎದೆ ಎತ್ತರದಲ್ಲಿತ್ತು, ಹಾರಿದೆ. ಇದಕ್ಕೂ ಈ ಸ್ವಿಚ್ಚೇ ಹಾಕಬೇಕಾ?

ಮಂಜುನಾಥ್: ಇಲ್ಲ ಲತಾ ಮೇಡಂ, ಅದು ಬೆಂಕಿಯ ಸಮಯಕ್ಕೆ. ಆದರೆ ನೀವು ಹಾರಿದ್ದು ಓದಿ ಎದೆ ಝಲ್ ಅಂತು, ದಯವಿಟ್ಟು ಇನ್ನೊಮ್ಮೆ ಹಾಗೆ ಮಾಡಬೇಡಿ.

ಲಿಫ್ಟ್ ಮಹಡಿಯ ನೆಲಕ್ಕಿಂತ ಮೇಲೆ ನಿಂತಿದ್ದರೆ ಅದರ ನೆಲದ ಕೆಳಗೆ ಖಾಲಿ ಶಾಫ್ಟ್ ಇರುತ್ತೆ. ಹೊಸಿಲಿನ ಕೆಳಗೆ ಒಂದು ತಗಡು ಇಳಿಬಿಟ್ಟಿರುತ್ತಾರೆ, ಸಾಮಾನ್ಯವಾಗಿ ಮುಕ್ಕಾಲು ಮೀಟರ್. ನಿಮ್ಮ ಲಿಫ್ಟ್ ಎದೆ ಎತ್ತರ, ಅಂದರೆ ಒಂದು ಮೀಟರ್‌ಗಿಂತ ಹೆಚ್ಚು. ತಗಡು ಮುಗಿದು ಕೆಳಗೆ ಒಂದಡಿ ಬಾಯಿ ತೆರೆದಿತ್ತು. ಹಾರಿದವರ ಕಾಲು ಜಾರಿ ದೇಹ ಹಿಂದಕ್ಕೆ ವಾಲಿದರೆ ಆ ಬಾಯಿಯೊಳಗೇ, ನೇರ ಪಿಟ್‌ಗೆ. ಲಿಫ್ಟ್‌ನಲ್ಲಿ ಸಿಕ್ಕಿಕೊಂಡವರಿಗೆ ಅಪಾಯ ಹೆಚ್ಚಾಗಿ ಬರುವುದು ಹೀಗೆ ಹೊರಬರುವಾಗ.

ಉಸಿರುಕಟ್ಟುವುದು ಸೆಕೆ, ಗಾಬರಿಯಿಂದ. ಕ್ಯಾಬಿನ್‌ಗೆ ಗಾಳಿಕಿಂಡಿ ಇದೆ, ಗಾಳಿ ಖಾಲಿಯಾಗುವುದಿಲ್ಲ. ಅಲಾರಂ ಒತ್ತಿ, ಇಂಟರ್‌ಕಾಮ್‌ನಲ್ಲಿ ಎಷ್ಟು ಜನ, ಯಾವ ಮಹಡಿಗಳ ನಡುವೆ ಅಂತ ಹೇಳಿ, ನೆಲದ ಮೇಲೆ ಕೂತುಬಿಡಿ. ನಾವು ಬಂದರೆ ಮೊದಲು ಮೇನ್ ಆಫ್ ಮಾಡುತ್ತೇವೆ, ಬ್ರೇಕ್ ಬಿಡಿಸಿ ಲಿಫ್ಟನ್ನು ಮಹಡಿಗೆ ಸಮ ತರುತ್ತೇವೆ, ಆಮೇಲೆ ಬಾಗಿಲು. ಮೇನ್ ಆನ್ ಇದ್ದಾಗ ಅರ್ಧ ಹೊರಗೆ ಬಂದವರಿದ್ದು ಲಿಫ್ಟ್ ಹೊರಟರೆ ಏನಾಗುತ್ತೆ, ನಾನು ಬರೆಯುವುದಿಲ್ಲ. ಆ ತ್ರಿಕೋನದ ಕೀ ವಾಚ್‌ಮನ್ ಕೈಯಲ್ಲಿ ಇರಲೇಬಾರದು, ತರಬೇತಿ ಆದವರ ಕೈಯಲ್ಲಿರಬೇಕು.

ನಾಗರಾಜ್: ಒಪ್ಪಿದೆ ಸರ್, ಎ.ಆರ್.ಡಿ. ವಿಷಯ ನಾನು ಹೀಗೆ ಯೋಚನೆ ಮಾಡಿರಲಿಲ್ಲ. ಆದರೆ ಬೆಂಕಿಯಲ್ಲೇ ಸಿಕ್ಕಿಕೊಂಡು ಒಳಗೆ ಹೊಗೆ ಬರುತ್ತಿದ್ದರೆ? ಆಗಲೂ ಕೂತಿರಬೇಕಾ?

ಕೃಷ್ಣಪ್ಪ: ಅಲಾರಂ ಒತ್ತಿ, 101ಕ್ಕೋ 112ಕ್ಕೋ ಫೋನ್ ಮಾಡಿ. ‘ಲಿಫ್ಟ್ ಒಳಗಿದ್ದೇವೆ, ಹೊಗೆ ಬರುತ್ತಿದೆ’ ಎನ್ನುವುದೇ ಮೊದಲ ವಾಕ್ಯ ಆಗಲಿ, ವಿಳಾಸ ಆಮೇಲೆ. ನಾವು ಬರುವ ಕ್ರಮವೇ ಅದರಿಂದ ಬದಲಾಗುತ್ತೆ. ಕ್ಯಾಬಿನ್ ಫ್ಯಾನ್ ಶಾಫ್ಟ್‌ನ ಹೊಗೆಯನ್ನೇ ಒಳಗೆ ಎಳೆಯಬಹುದು, ಸ್ವಿಚ್ ಕೈಗೆ ಸಿಕ್ಕರೆ ಆಫ್ ಮಾಡಿ. ನೆಲಕ್ಕೆ ಹತ್ತಿರ ಕೂತು ಮೂಗಿಗೆ ಬಟ್ಟೆ ಹಿಡಿಯಿರಿ. ಹೊಗೆ ತುಂಬುತ್ತಲೇ ಇದ್ದರೆ ಬಾಗಿಲು ಎಳೆದು ನೋಡುವುದು ತಪ್ಪಲ್ಲ ಅಂತ ನನ್ನ ಅಭಿಪ್ರಾಯ.

ಮಂಜುನಾಥ್: ಇಲ್ಲಿ ಕೃಷ್ಣಪ್ಪ ಸರ್‌ಗೂ ನನಗೂ ಸ್ವಲ್ಪ ಭೇದ ಇದೆ. ಎಳೆದಾಗ ಬಾಗಿಲು ಬಂದು, ಲಿಫ್ಟ್‌ನ ನೆಲವೂ ಹೊರಗಿನ ನೆಲವೂ ಒಂದೇ ಸಮ ಇದ್ದರೆ ಹೊರಡಿ, ತಡಮಾಡಬೇಡಿ. ಎದುರಿಗೆ ಗೋಡೆ ಕಂಡರೆ ಅಥವಾ ಒಂದೆರಡಡಿ ವ್ಯತ್ಯಾಸ ಇದ್ದರೆ ನಾನು ಹಾರಿ ಅಂತ ಹೇಳಲಾರೆ. ಮೇಲಿನ ಮುಚ್ಚಳ ಎತ್ತಿ ಹತ್ತುವುದಂತೂ ಬೇಡವೇ ಬೇಡ, ಶಾಫ್ಟ್‌ನಲ್ಲಿ ಹೊಗೆ ಇನ್ನೂ ದಟ್ಟ.

ಕೃಷ್ಣಪ್ಪ: ಉಸಿರಾಡಲಾಗದ ಸ್ಥಿತಿಯಲ್ಲಿರುವವನಿಗೆ ಎರಡಡಿ ಅಳೆ ಅಂತ ಹೇಗೆ ಹೇಳಲಿ ಮಂಜುನಾಥ್? ಅದು ಆ ಹೊತ್ತಿನ ತೀರ್ಮಾನ.

ಫಾತಿಮಾ, ಫ್ರೇಜರ್ ಟೌನ್: ನನ್ನ ಅಮ್ಮನಿಗೆ ಗಾಲಿಕುರ್ಚಿ, ನಾವು ಏಳನೇ ಮಹಡಿ. ಮೆಟ್ಟಿಲು ಅನ್ನುತ್ತೀರಿ, ನಾವೇನು ಮಾಡೋದು?

ಕೃಷ್ಣಪ್ಪ: ನಿಮ್ಮ ಮಹಡಿಯಲ್ಲಿ ಬೆಂಕಿ ಇಲ್ಲ, ಹೊರಗೆ ಹೊಗೆ ಮಾತ್ರ ಇದೆ ಅಂದರೆ ಮನೆ ಬಾಗಿಲು ಹಾಕಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ರಸ್ತೆ ಕಡೆಯ ಬಾಲ್ಕನಿಗೆ ಅಮ್ಮನನ್ನು ತನ್ನಿ. ಫೋನ್‌ನಲ್ಲಿ ‘ಗಾಲಿಕುರ್ಚಿಯವರು ಏಳನೇ ಮಹಡಿಯಲ್ಲಿದ್ದಾರೆ’ ಅಂತ ಹೇಳಿ. ಸ್ಥಿತಿ ನೋಡಿ ನಾವೇ ಆ ಸ್ವಿಚ್ ಹಾಕಿದ ಲಿಫ್ಟ್‌ನಲ್ಲಿ ಇಳಿಸಬಹುದು, ಇಲ್ಲವೇ ಹೊತ್ತು ಇಳಿಸುತ್ತೇವೆ. ಬೆಂಕಿ ನಿಮ್ಮ ಮನೆಯಲ್ಲೇ ಆದರೆ ಇದು ಅನ್ವಯವಾಗುವುದಿಲ್ಲ. ಆಗ ಬೆಂಕಿಯ ಕೋಣೆಯ ಬಾಗಿಲು ಎಳೆದುಕೊಂಡು ಮೆಟ್ಟಿಲ ಹತ್ತಿರಕ್ಕೆ. ಅಲ್ಲಿಂದ ಕೆಳಗೆ ಹೊರಲು ಯಾರು ಬರುತ್ತಾರೆ ಎನ್ನುವುದನ್ನು ನೆರೆಹೊರೆಯವರ ಜೊತೆ ಇವತ್ತೇ ಮಾತಾಡಿಕೊಳ್ಳಿ.

ಶೋಭಾ: ಇವತ್ತು ಅಸೋಸಿಯೇಷನ್‌ನವರನ್ನು ಕರೆದು ಸ್ವಿಚ್ ಹಾಕಿಸಿ ನೋಡಿದೆ. ಎಡಗಡೆ ಲಿಫ್ಟ್ ಕೆಳಗೆ ಬಂತು. ಬಲಗಡೆಯದು ಏನೂ ಆಗದೆ ಆರಾಮಾಗಿ ಮೇಲೆ ಓಡಾಡಿಕೊಂಡಿತ್ತು. ಮಕ್ಕಳು ಆಡುತ್ತಾರೆ ಅಂತ ಎರಡು ವರ್ಷದ ಹಿಂದೆ ವೈರ್ ಬಿಚ್ಚಿಸಿದ್ದರಂತೆ!

ಮಂಜುನಾಥ್: ನಾನು ಹೋದ ಕಡೆಯೂ ಇದನ್ನು ಕಂಡಿದ್ದೇನೆ ಅಕ್ಕ. ಎರಡರಲ್ಲಿ ಒಂದನ್ನು ಮಾತ್ರ ಫೈರ್ ಲಿಫ್ಟ್ ಅಂತ ಮಾಡಿದ್ದರೂ ಮಾಡಿರಬಹುದು, ಮೊದಲು ಡ್ರಾಯಿಂಗ್ ನೋಡಿ. ವೈರ್ ಬಿಚ್ಚಿದ್ದು ನಿಜವಾದರೆ ಸರ್ವಿಸ್‌ನವರಿಗೆ ಬರವಣಿಗೆಯಲ್ಲಿ ಕೊಡಿ. ಸರಿಮಾಡಿದ ಮೇಲೆ ಎರಡು ಸಲ ಪರೀಕ್ಷಿಸಿ: ಒಂದು ಸಲ ಬೆಸ್ಕಾಂ ಕರೆಂಟ್ ಮೇಲೆ, ಇನ್ನೊಂದು ಸಲ ಜನರೇಟರ್ ಮೇಲೆ. ಬೆಂಕಿಯ ಹೊತ್ತಿನಲ್ಲಿ ಬೆಸ್ಕಾಂ ಕರೆಂಟ್ ಇರುತ್ತೆ ಅಂತ ಯಾರೂ ಹೇಳಲಾರರು. ಒಬ್ಬರು ಲಿಫ್ಟ್‌ನಲ್ಲಿ ಮೇಲಕ್ಕೆ ಹೋಗುತ್ತಿರಲಿ, ಇನ್ನೊಬ್ಬರು ಕೆಳಗೆ ಸ್ವಿಚ್ ಹಾಕಲಿ. ಬಾಗಿಲು ಎಲ್ಲೂ ತೆರೆಯದೆ ಕೆಳಗೆ ಬಂತಾ, ಬಂದ ಮೇಲೆ ಬಾಗಿಲು ತೆರೆದೇ ಇತ್ತಾ, ಅದನ್ನು ನೋಡಿ ಇಲ್ಲಿ ಬರೆಯಿರಿ.

ಶೋಭಾ: ಶನಿವಾರ ಮಾಡಿಸುತ್ತೇನೆ.