ಪುಟ್ಟಿಯ ರಂಗಪ್ರವೇಶ: ಪುಸ್ತಕದ ಅರ್ಧ ಪುಟ

ಪೆರ್ಲ ಚಿಕ್ಕಮ್ಮ: ಸಮಾಜದ ಪುಸ್ತಕಕ್ಕೆ ಪುಟ್ಟಿಯ ಬಗ್ಗೆ ಬದಿಯಡ್ಕ ಮಾವ ಬರೆದುಕೊಟ್ಟದ್ದು. ನಾಳೆ 10 ಗಂಟೆಗೆ ಪ್ರೆಸ್ಸಿಗೆ.
"ಭೈರವಿ ರಾಗ, ಅಟತಾಳದ ತ್ಯಾಗರಾಜರ ವರ್ಣವನ್ನು ಲೀಲಾಜಾಲವಾಗಿ ನರ್ತಿಸಿ ಸಭಿಕರನ್ನು ಮಂತ್ರಮುಗ್ಧಗೊಳಿಸಿದ ನಮ್ಮ ಪುಟ್ಟಿಗೆ ಹೃತ್ಪೂರ್ವಕ ಅಭಿನಂದನೆಗಳು."

ಮಂಜೇಶ್ವರ ಅಕ್ಕ: ತುಂಬ ಚಂದ ಆಗಿದೆ ಮಾವಾ 🙏

ಸೀತಾಂಗೋಳಿ ಅಣ್ಣ: 👏👏👏

ಮುಳ್ಳೇರಿಯ ಭಾವ: ಅಟತಾಳ ಅಂತ ಯಾರು ಹೇಳಿದ್ದು?

ಬದಿಯಡ್ಕ ಮಾವ: ಭೈರವಿ ವರ್ಣ ಅಂದ್ರೆ ಅಟತಾಳವೇ. ಸಂಗೀತ ಕಲಿಯುವ ಯಾವ ಮಕ್ಕಳನ್ನಾದರೂ ಕೇಳು.

ಮುಳ್ಳೇರಿಯ ಭಾವ: ಮಕ್ಕಳು ಹೇಳುವುದು ವಿರಿಬೋಣಿಯನ್ನು. ಅದು ಪಚ್ಚಿಮಿರಿಯಂ ಆದಿಅಪ್ಪಯ್ಯನವರದ್ದು. ಪುಟ್ಟಿ ಮಾಡುವುದು ಅದೇ ಅಂತ ಅವಳ ಟೀಚರನ್ನು ಕೇಳಿದ್ದೀರಾ?

ಬದಿಯಡ್ಕ ಮಾವ: ನನ್ನ ಬರಹ ಬಂದಾಗ ಮಾತ್ರ ನಿನಗೆ ಆಧಾರ ಬೇಕಾಗುವುದು. ಹೋದ ಸಲದ ಪುಸ್ತಕದಲ್ಲಿ ಮೃದಂಗದವರ ಹೆಸರೇ ಬಿಟ್ಟುಹೋಯಿತು, ಆ ಪ್ರೂಫ್ ನೋಡಿದವನು ನೀನು.

ಕುಂಬಳೆ ದೊಡ್ಡಪ್ಪ: ಶುಭಕಾರ್ಯದ ಹೊತ್ತಿಗೆ ಹಳೆಯದನ್ನು ಕೆದಕಬಾರದು ಮಕ್ಕಳೇ. ದೊಡ್ಡವರು ಬರೆದದ್ದಕ್ಕೆ ಒಂದು ಗೌರವ ಬೇಕು.

ನೀರ್ಚಾಲು ಅತ್ತೆ: ಗೌರವ ಇರಲಿ ಭಾವಾ, ಆದರೆ ತಪ್ಪು ಅಚ್ಚಾಗಬಾರದು. ಭೈರವಿಯಲ್ಲಿ ವರ್ಣ ಒಂದೇ ಅಲ್ಲ. ವಿರಿಬೋಣಿ ತಾನವರ್ಣ. ಮಾತು ಕಮ್ಮಿ, ಒಂದೊಂದು ಅಕ್ಷರವೂ ಸ್ವರದ ಮೇಲೆ ಎಳೆದುಕೊಂಡು ಹೋಗ್ತದೆ. ಕಚೇರಿಯ ಸುರುವಿಗೆ ಹಾಡುವಂಥದ್ದು. ಪುಟ್ಟಿಯದ್ದು "ಮೋಹಮಾನ", ಪದವರ್ಣ. ಅದರಲ್ಲಿ ಸ್ವರಗಳಿಗೂ ಸಾಹಿತ್ಯ ಉಂಟು. ಸ್ವರ ಹಾಡುವಾಗ ಅಡವು, ಅದೇ ಧಾಟಿಯಲ್ಲಿ ಸಾಹಿತ್ಯ ಬಂದಾಗ ಅಭಿನಯ. ಅದಕ್ಕೇ ನೃತ್ಯಕ್ಕೆ ಪದವರ್ಣ ಒಗ್ಗುವುದು, ಭರತನಾಟ್ಯದ ಇಡೀ ಮಾರ್ಗದಲ್ಲಿ, ಅಂದರೆ ಸುರುವಿಂದ ಕೊನೆಯವರೆಗಿನ ನೃತ್ಯಗಳ ಕ್ರಮದಲ್ಲಿ, ಅದಕ್ಕೇ ಹೆಚ್ಚು ಹೊತ್ತು ಬೇಕಾಗುವುದು.

ಮಂಜೇಶ್ವರ ಅಕ್ಕ: ನಮಗೆ ಕೇಳಿದರೆ ಗೊತ್ತಾಗುವುದು ಹೇಗೆ ಅತ್ತೆ?

ನೀರ್ಚಾಲು ಅತ್ತೆ: ಕೈಯಲ್ಲಿ ತಾಳ ಹಾಕಿ ನೋಡು. ಅಟತಾಳಕ್ಕೆ ಒಂದು ಪೆಟ್ಟು, ಆಮೇಲೆ ಕಿರುಬೆರಳಿಂದ ತೋರುಬೆರಳವರೆಗೆ ನಾಲ್ಕು ಎಣಿಕೆ, ಒಟ್ಟು 5. ಇದು ಎರಡು ಸಲ. ಮತ್ತೆ ಪೆಟ್ಟು-ಬೀಸು, ಪೆಟ್ಟು-ಬೀಸು. ಅಲ್ಲಿಗೆ 14. ಮೋಹಮಾನ ರೂಪಕ. ಎರಡು ಪೆಟ್ಟು, ಒಂದು ಬೀಸು, ಅಷ್ಟೇ. ಪುಟ್ಟಿ ಅಭ್ಯಾಸ ಮಾಡುವ ವಿಡಿಯೋ ಇದೇ ಗುಂಪಿನಲ್ಲಿ ಉಂಟಲ್ಲ, ಅದಕ್ಕೆ ಹಾಕಿ ನೋಡಿ. ಅಟತಾಳ ಹಾಕಿದರೆ ಪಲ್ಲವಿ ಮತ್ತೆ ಎತ್ತಿಕೊಳ್ಳುವ ಜಾಗಕ್ಕೆ ನಿಮ್ಮ ಪೆಟ್ಟು ಸೇರುವುದೇ ಇಲ್ಲ.

ಸೀತಾಂಗೋಳಿ ಅಣ್ಣ: ತಾಳ ಅಂದಾಗ ನೆನಪಾಯಿತು. ಮಧೂರಿನಲ್ಲಿ ಯಕ್ಷಗಾನದ ಆಟ ನೋಡುವಾಗ ಅಜ್ಜ ಚಂಡೆಯ ಪೆಟ್ಟಿಗೆ ಮೊಣಕಾಲ ಮೇಲೆ ತಟ್ಟಿಕೊಂಡು ಕೂರ್ತಿದ್ದರು. ಪಾರ್ತಿಸುಬ್ಬನ ಊರಿನ ಪಕ್ಕದವರು ನಾವು, ನಮ್ಮ ಮಕ್ಕಳಿಗೆ ತಾಳ ಬಾರದೆ ಇರ್ತದಾ!

ಪೆರ್ಲ ಚಿಕ್ಕಮ್ಮ: ಆಟದ ವಿಷಯ ಆಮೇಲೆ ಮಾರಾಯ, ಪ್ರೆಸ್ಸಿನವರು ಕಾಯ್ತಾ ಇದ್ದಾರೆ.

ಬದಿಯಡ್ಕ ಮಾವ: ರೂಪಕ ಅಂತ ಬದಲಿಸುತ್ತೇನೆ. ಆದರೆ ತ್ಯಾಗರಾಜರು ಸರಿಯಲ್ವಾ? ಸಾಹಿತ್ಯದಲ್ಲೇ "ತ್ಯಾಗೇಶ" ಅಂತ ಬರ್ತದೆ.

ನೀರ್ಚಾಲು ಅತ್ತೆ: ಎಡವುವುದೇ ಅಲ್ಲಿ. ಆ ತ್ಯಾಗೇಶ ಅಂದರೆ ತಿರುವಾರೂರಿನ ದೇವರು, ತ್ಯಾಗರಾಜಸ್ವಾಮಿ. ನಾಯಿಕೆ ಅವನನ್ನು ಕರೆಯುವುದು. ಕೀರ್ತನೆಗಳ ತ್ಯಾಗರಾಜರು ಹುಟ್ಟಿದ್ದೂ ಅದೇ ಊರಿನಲ್ಲಿ, ಹಾಗಾಗಿ ಕಲಸಿಹೋಗುವುದು. ಈ ವರ್ಣ ತಂಜಾವೂರು ಸಹೋದರರದ್ದು. ಅಲರಿಪು, ಜತಿಸ್ವರ, ಶಬ್ದ, ವರ್ಣ ಅಂತ ಇವತ್ತಿನ ಮಾರ್ಗಕ್ಕೆ ಕ್ರಮ ಹಾಕಿದ ಆ ನಾಲ್ವರು.

ಬದಿಯಡ್ಕ ಮಾವ: ಇದು ನನಗೆ ಹೊಳೆದಿರಲಿಲ್ಲ.

ಮುಳ್ಳೇರಿಯ ಭಾವ: ಇನ್ನೊಂದು ಉಂಟು ಮಾವಾ. ಪುಸ್ತಕ ಹಂಚುವುದು ಬಾಗಿಲಲ್ಲಿ, ಪುಟ್ಟಿ ಅಲರಿಪಿಗೆ ನಿಲ್ಲುವುದಕ್ಕಿಂತ ಮೊದಲು. "ಮಂತ್ರಮುಗ್ಧಗೊಳಿಸಿದ" ಅಂತ ಓದಿದವರು, ಇನ್ನೂ ಪರದೆಯೇ ಏಳಲಿಲ್ಲ ಅಂತಾರೆ. ಆಗಿಹೋದದ್ದನ್ನು ಮಾತ್ರ ಹೊಗಳಬೇಕು, ಅವಳು ಕಲಿತದ್ದನ್ನು. ಮೃದಂಗದವರ ಹೆಸರು ಬಿಟ್ಟದ್ದು ನಾನೇ, ಹೌದು. ಈ ಸಲ ನಟ್ಟುವಾಂಗ, ಹಾಡುಗಾರಿಕೆ, ಮೃದಂಗ, ಪಿಟೀಲು, ನಾಲ್ಕೂ ಹೆಸರನ್ನು ಅವರವರಿಗೇ ಫೋನ್ ಮಾಡಿ ಅಕ್ಷರ ಕೇಳಿ ಬರೆದಿಟ್ಟಿದ್ದೇನೆ.

ಕುಂಬಳೆ ದೊಡ್ಡಪ್ಪ: ಒಳ್ಳೆಯದಾಯಿತು. ಆಶೀರ್ವಾದದ ಒಂದು ಮಾತು ಮಾತ್ರ ಬಿಡಬೇಡಿ.

ಬದಿಯಡ್ಕ ಮಾವ: ಇಕೊಳ್ಳಿ, ಹೊಸದು:
"ಮೊದಲ ಬಾರಿಗೆ ಒಬ್ಬಳೇ ಪೂರ್ಣ ಮಾರ್ಗವನ್ನು ಪ್ರಸ್ತುತಪಡಿಸುತ್ತಿರುವ ನಮ್ಮ ಪುಟ್ಟಿಗೆ ಮನೆಯವರೆಲ್ಲರ ಅಭಿನಂದನೆ. ಇಂದಿನ ಮುಖ್ಯ ಭಾಗ ತಂಜಾವೂರು ಸಹೋದರರ ಪದವರ್ಣ 'ಮೋಹಮಾನ', ಭೈರವಿ ರಾಗ, ರೂಪಕ ತಾಳ. ತಿರುವಾರೂರಿನ ತ್ಯಾಗೇಶನಿಗಾಗಿ ಕಾಯುವ ನಾಯಿಕೆಯ ಮಾತು ಇದು. ಇದನ್ನು ತಾಳ್ಮೆಯಿಂದ ಕಲಿಸಿದ ಗುರುಗಳಿಗೂ ಜೊತೆಗೂಡಿದ ಕಲಾವಿದರಿಗೂ ನಮಸ್ಕಾರ. ಮಗಳೇ, ಹಿರಿಯರ ಆಶೀರ್ವಾದ ನಿನ್ನೊಂದಿಗಿದೆ."

ನೀರ್ಚಾಲು ಅತ್ತೆ: ಸರಿಯಾಯಿತು. "ಪುಟ್ಟಿ" ತೆಗೆದು ಅವಳ ಶಾಲೆಯ ಹೆಸರು ಹಾಕಿ. ಮುಂದೆ ಅವಳಿಗೆ ಈ ಪುಟ ತೋರಿಸಬೇಕಾಗಿ ಬರ್ತದೆ.

ಪೆರ್ಲ ಚಿಕ್ಕಮ್ಮ: ಹಾಕಿ ಕಳಿಸಿದೆ. ಮೇಲಿನ ಹಳೆಯದನ್ನು ಯಾರೂ ಫಾರ್ವರ್ಡ್ ಮಾಡಬೇಡಿ.

ಸೀತಾಂಗೋಳಿ ಅಣ್ಣ: ಅಯ್ಯೋ, ನಾನು ಆಗಲೇ ಸಮಾಜದ ಗುಂಪಿಗೆ ಹಾಕಿದೆ!

ಮುಳ್ಳೇರಿಯ ಭಾವ: ಕೂಡಲೇ ಅಳಿಸು. ಪ್ರೆಸ್ಸಿನವರು ಆ ಗುಂಪಿನಲ್ಲೂ ಇದ್ದಾರೆ.