ಡಚ್ ಸೂಪರ್‌ಮಾರ್ಕೆಟ್‌ನ ಸ್ವಯಂ ಬಿಲ್ಲಿಂಗ್ ಯಂತ್ರ: ತೂಕ, ಚೀಲ, ಕಾರ್ಡ್ ಕೇಳಿದಾಗ ಎಲ್ಲಿ ತಪ್ಪುತ್ತಿದ್ದೇನೆ?

ಐಂಡ್‌ಹೋವನ್_ಮಧು:
ಇಲ್ಲಿಗೆ ಬಂದು ಮೂರು ತಿಂಗಳಾಯಿತು. ಮನೆಯ ಹತ್ತಿರದ ಅಂಗಡಿಯಲ್ಲಿ ಬಿಡಿ ಟೊಮ್ಯಾಟೊವನ್ನು ನನ್ನ ಬಟ್ಟೆಯ ಚೀಲದಲ್ಲೇ ತಕ್ಕಡಿಯ ಮೇಲಿಟ್ಟೆ. ಕಿಲೋಗೆ 2,99 ಯೂರೋ ದರದಲ್ಲಿ ಪರದೆಯು `0,682 kg` ಎಂದು ತೋರಿಸಿ 2,04 ಯೂರೋ ಹಾಕಿತು. ನಾಲ್ಕು ಹಸಿಮೆಣಸಿನಕಾಯಿಯನ್ನಂತೂ ಅದು ತೂಗಲೇ ಇಲ್ಲ. ಕೊನೆಗೆ ಚೀಲ ಬೇಕೇ ಎಂದು `Wilt u een tas?` ಕೇಳಿದಾಗ ಬೇಡವೆಂದು `Nee` ಒತ್ತಿದೆ, ಅಂಗಡಿಯ ರಿಯಾಯಿತಿ ಕಾರ್ಡ್ ಕೇಳಿದಾಗ `Overslaan` ಒತ್ತಿದೆ. ಬಿಲ್ಲಿನಲ್ಲಿ ನೋಡಿದರೆ `1+1 gratis`, ಅಂದರೆ ಒಂದಕ್ಕೆ ಒಂದು ಉಚಿತ ಎಂದಿದ್ದ ಎಣ್ಣೆಯ ಎರಡೂ ಬಾಟಲಿಗೆ ಪೂರ್ತಿ ಬೆಲೆ ಬಿದ್ದಿತ್ತು. ಯಾವ ಹೆಜ್ಜೆಯಲ್ಲಿ ಎಡವಿದೆ ಎಂದು ದಯವಿಟ್ಟು ತಿಳಿಸಿ.

ಕಾವೇರಿ_ಉಟ್ರೆಕ್ಟ್:
ಚೀಲ ಇಡುವ ಕಡೆಯೂ ತೂಕದ ಯಂತ್ರ ಇರುತ್ತದೆ. ನಿಮ್ಮ ಚೀಲವನ್ನು ಮೊದಲೇ ಅಲ್ಲಿಟ್ಟು, ಆಮೇಲೆ ಒಂದೊಂದೇ ಸ್ಕ್ಯಾನ್ ಮಾಡಬೇಕು. ಇಲ್ಲದಿದ್ದರೆ ಕೆಂಪು ದೀಪ ಹತ್ತಿ ಸಿಬ್ಬಂದಿ ಬರುವವರೆಗೆ ಯಂತ್ರ ನಿಂತುಬಿಡುತ್ತದೆ.

ಹಳೆಯ_ಡೆಲ್ಫ್ಟ್:
ಕಾವೇರಿ ಅವರು ಹೇಳಿದ್ದು ಕೆಲವು ಕಡೆ ನಿಜ, ಎಲ್ಲ ಕಡೆ ಅಲ್ಲ. ಸ್ಕ್ಯಾನ್ ಮಾಡಿದ ವಸ್ತುವನ್ನು ಪಕ್ಕದಲ್ಲಿಡದೆ ಕೈಯಲ್ಲೇ ಹಿಡಿದುಕೊಂಡರೂ ಯಂತ್ರ ಮುಂದಿನದನ್ನು ಸ್ವೀಕರಿಸಿದರೆ, ಅಲ್ಲಿರುವುದು ಬರಿಯ ಹಲಗೆ ಎಂದು ತಿಳಿಯಬಹುದು. ಅಂಥ ಅಂಗಡಿಗಳು ತೂಕದ ಬದಲು ಆಗೀಗ ಕೆಲವು ವಸ್ತುಗಳನ್ನು ಮರುಸ್ಕ್ಯಾನ್ ಮಾಡಿ ಪರಿಶೀಲಿಸುತ್ತವೆ. ತೂಗುವ ತಟ್ಟೆ ಬೇರೆ, ಅದು ಸ್ಕ್ಯಾನರ್ ಗಾಜಿನ ಬಳಿ ಅಥವಾ ತರಕಾರಿ ವಿಭಾಗದಲ್ಲಿ ಇರುತ್ತದೆ.

ಮಧು ಅವರೇ, ತಟ್ಟೆಯ ಮೇಲೆ ಏನಿದ್ದರೂ ಅದು ಟೊಮ್ಯಾಟೊ ಎಂದೇ ಯಂತ್ರದ ಲೆಕ್ಕ. ನಿಮ್ಮ ಚೀಲ 40 ಗ್ರಾಂ ಇದ್ದರೆ, ಅದನ್ನು ತೆಗೆದಾಗ 642 ಗ್ರಾಂ ಬಂದು ಬೆಲೆ 1,92 ಆಗುತ್ತಿತ್ತು. ಹನ್ನೆರಡು ಸೆಂಟ್‌ಗೆ ಬಟ್ಟೆಯನ್ನು ಕೊಂಡಂತಾಯಿತು. ಟೊಮ್ಯಾಟೊವನ್ನು ಬರಿದಾಗಿಯೇ ಇಟ್ಟು ತೂಗಿ, ಆಮೇಲೆ ಚೀಲಕ್ಕೆ ಹಾಕಿಕೊಳ್ಳಿ. ಹೆಸರು ಆರಿಸುವಾಗಲೂ ಕಣ್ಣಿಡಿ: ಗೊಂಚಲಿನ `trostomaten` ಮತ್ತು ದಪ್ಪನೆಯ `vleestomaten` ಬೇರೆ ಬೇರೆ, ಬೆಲೆಯೂ ಬೇರೆ ಇರಬಹುದು. ಸೌತೆಕಾಯಿ, ಮಾವು ಸಾಮಾನ್ಯವಾಗಿ `per stuk`, ಅಂದರೆ ಎಣಿಕೆಯ ಲೆಕ್ಕ. ಅಲ್ಲಿ ತೂಗುವುದೇ ಬೇಡ, ಸಂಖ್ಯೆ ಒತ್ತಿದರೆ ಸಾಕು. ಈರುಳ್ಳಿಗೆ `ui` ಎಂದು ಎರಡೇ ಅಕ್ಷರ ಒತ್ತಿ. `onion` ಎಂದು ಹುಡುಕಿದರೆ ಡಚ್ ಪರದೆಯಲ್ಲಿ ಸಿಗಲಿಕ್ಕಿಲ್ಲ.

ಮೆಣಸಿನಕಾಯಿಯ ವಿಷಯವೇ ಬೇರೆ. ತಕ್ಕಡಿಯ ಪಟ್ಟಿಯ ಮೇಲೆ ಸಣ್ಣ ಅಕ್ಷರದಲ್ಲಿ `Min`, `Max` ಮತ್ತು `e` ಎಂದು ಬರೆದಿರುತ್ತದೆ. `e` ಎಂದರೆ ತೂಕ ಎಷ್ಟು ಗ್ರಾಂಗಳ ಹೆಜ್ಜೆಯಲ್ಲಿ ಏರುತ್ತದೆ ಎಂಬುದು. ಇಂಥ ಅಂಗಡಿ ತಕ್ಕಡಿಯಲ್ಲಿ ಕನಿಷ್ಠ ತೂಕ ಅದರ ಇಪ್ಪತ್ತು ಪಟ್ಟು: `e = 2 g` ಇದ್ದರೆ 40 ಗ್ರಾಂ, `e = 5 g` ಇದ್ದರೆ 100 ಗ್ರಾಂ. ನಿಮ್ಮ ನಾಲ್ಕು ಕಾಯಿ ಅದಕ್ಕಿಂತ ಹಗುರವಾಗಿದ್ದಿರಬೇಕು. ಯಂತ್ರ ಕೆಟ್ಟಿಲ್ಲ, ನಿಯಮ ಪಾಲಿಸುತ್ತಿದೆ. ಒಂದಿಷ್ಟು ಹೆಚ್ಚು ಕೊಳ್ಳಿ, ಇಲ್ಲವೇ ಸಿಬ್ಬಂದಿಯನ್ನು ಕರೆಯಿರಿ.

ರೊಟರ್‌ಡ್ಯಾಮ್_ಶೆಟ್ಟಿ:
ನನಗೂ ಹೀಗೇ ಆಗಿತ್ತು. ಬಾಟಲಿ ಹಿಂದಿರುಗಿಸಿದಾಗ ಸಿಕ್ಕ `statiegeld`, ಅಂದರೆ ಬಾಟಲಿಯ ಠೇವಣಿ ಹಣದ ಚೀಟಿಯನ್ನು ಸ್ಕ್ಯಾನ್ ಮಾಡದೆ ಹಣ ಕೊಟ್ಟೆ. ದೊಡ್ಡ ಬಾಟಲಿಗೆ 25 ಸೆಂಟ್, ಕ್ಯಾನ್‌ಗೆ 15 ಸೆಂಟ್ ಬರಬೇಕಿತ್ತು. ನಿಮ್ಮ ಎಣ್ಣೆಯ ಬಾಟಲಿಗೂ ಇದೇ ಕಾರಣವಿರಬಹುದು.

ಹಳೆಯ_ಡೆಲ್ಫ್ಟ್:
ಶೆಟ್ಟರೇ, ಎಣ್ಣೆಯ ಬಾಟಲಿಗೆ ಆ ಠೇವಣಿಯಿಲ್ಲ. ಅವರು ಕೇಳುತ್ತಿರುವುದು ರಿಯಾಯಿತಿಯ ಮಾತು. ಆದರೆ ಚೀಟಿಯಾಗಲಿ, ಕಾರ್ಡಾಗಲಿ, ಪಾವತಿಗೆ ಮುಂಚೆಯೇ ಓದಿಸಬೇಕು ಎಂಬ ನಿಮ್ಮ ಪಾಠ ಸರಿ. ಇಲ್ಲಿಯ ಹಲವು ಅಂಗಡಿಗಳಲ್ಲಿ ಶೆಲ್ಫಿನ ರಿಯಾಯಿತಿ ಕಾರ್ಡ್ ಉಳ್ಳವರಿಗೆ ಮಾತ್ರ. `Overslaan` ಎಂದರೆ ಆ ಹೆಜ್ಜೆಯನ್ನು ದಾಟಿಬಿಡುವುದು, ಜೊತೆಗೆ ರಿಯಾಯಿತಿಯನ್ನೂ ಬಿಟ್ಟುಕೊಟ್ಟಂತೆ. ಆಪ್ ಬಳಸುವವರು ಫೋನಿನ ಬೆಳಕನ್ನು ಹೆಚ್ಚಿಸಿ ಬಾರ್‌ಕೋಡನ್ನು ಗಾಜಿನಿಂದ ಸ್ವಲ್ಪ ದೂರ ಹಿಡಿದರೆ ಬೇಗ ಓದುತ್ತದೆ. ಒಟ್ಟು ಮೊತ್ತ ಇಳಿದದ್ದನ್ನು ನೋಡಿದ ಮೇಲೆಯೇ ಹಣ ಕೊಡಿ.

ಚೀಲದ ಪ್ರಶ್ನೆಗೆ ನೀವು `Nee` ಒತ್ತಿದ್ದು ಸರಿ. 2016ರ ಜನವರಿಯಿಂದ ಇಲ್ಲಿ ಪ್ಲಾಸ್ಟಿಕ್ ಚೀಲವನ್ನು ಉಚಿತವಾಗಿ ಕೊಡುವಂತಿಲ್ಲ, ಹಾಗಾಗಿ ಆ ಪ್ರಶ್ನೆ ಚೀಲ ಮಾರಲು. ನಿಮ್ಮ ಸ್ವಂತ ಚೀಲದ ಬಗ್ಗೆ ಅಲ್ಲ.

ಐಂಡ್‌ಹೋವನ್_ಮಧು:
ನಿನ್ನೆ ಮತ್ತೆ ಹೋದೆ. ಟೊಮ್ಯಾಟೊವನ್ನು ಬರಿದಾಗಿ ತೂಗಿದೆ, ಕಾರ್ಡನ್ನು ಮೊದಲೇ ಓದಿಸಿದೆ, ಎರಡೂ ಸರಿಹೋದವು. ತಕ್ಕಡಿಯ ಪಟ್ಟಿಯಲ್ಲಿ `Min 40 g` ಎಂದೇ ಇತ್ತು! ಹಳೆಯ ಬಿಲ್ಲನ್ನು ಸೇವಾ ಕೌಂಟರಿಗೆ ಒಯ್ದಾಗ ಒಬ್ಬರು ಎಣ್ಣೆಯ ಹಣ ವಾಪಸು ಕೊಡಬಹುದು ಎಂದರು, ಪಕ್ಕದವರು ಆಗದು ಎಂದರು. ವ್ಯವಸ್ಥಾಪಕರು ಬಂದಾಗ ಬನ್ನಿ ಎಂದು ಕಳುಹಿಸಿದ್ದಾರೆ.