ಸಹಾಯ ಬೇಕು: ಚೀಟಿ ಅಳಿಸಿದ ರ‍್ಯಾಮ್ ಗುರುತಿಸುವುದು ಹೇಗೆ?

ಶಿರಸಿ ಹತ್ತಿರದ ನಮ್ಮೂರ ವಾಚನಾಲಯಕ್ಕೆ ಬಂದ ಹಳೆ ಡೆಸ್ಕ್‌ಟಾಪ್ ಇದು. ಮದರ್‌ಬೋರ್ಡ್ ಮೇಲೆ G31 ಅಂತಿದೆ, ಅಂದರೆ ಇಂಟೆಲ್ ಚಿಪ್‌ಸೆಟ್. ರ‍್ಯಾಮ್ ಎರಡಿವೆ. ಒಂದರ ಚೀಟಿ ಚೆನ್ನಾಗಿದೆ: 1GB PC2-6400, ಅಂದರೆ ಡಿಡಿಆರ್2, 800ರ ವೇಗ. ಇನ್ನೊಂದರ ಚೀಟಿ ಮಳೆಗಾಲದ ತೇವಕ್ಕೆ ಪೂರ್ತಿ ಅಳಿಸಿದೆ. CPU-Z ಹಾಕಿ SPD ನೋಡಿದರೆ PC2-5300 ಅಂತ ಬಂತು. Memory ಪುಟದಲ್ಲಿ 333 MHz ಇದೆ. ಡಿಡಿಆರ್‌ನಲ್ಲಿ ಅದರ ದುಪ್ಪಟ್ಟು ಲೆಕ್ಕ, 667. ನಿಧಾನದ್ದರ ವೇಗಕ್ಕೇ ಎರಡೂ ಓಡುತ್ತಿವೆ, ಅಲ್ವಾ?

ಮಕ್ಕಳು ಜಾಸ್ತಿ ಬರುತ್ತಾರೆ, ಹಾಗಾಗಿ 2GBಯ ಎರಡು ಹಾಕಬೇಕು. G31ಗೆ ಒಟ್ಟು 4GBಯೇ ಮಿತಿ. ಆದರೆ ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಗುವ ಕೆಲವು ಡಿಡಿಆರ್2 ಎಎಮ್‌ಡಿ ಬೋರ್ಡಿಗೆ ಮಾತ್ರ ಹೊಂದುತ್ತವೆ. ಚೀಟಿಯಲ್ಲಿ 2Rx8 ಇದ್ದರೆ ಧೈರ್ಯವಾಗಿ ಕೊಳ್ಳಬಹುದು. ಚೀಟಿಯೇ ಇಲ್ಲದಿದ್ದರೆ ಚಿಪ್ ಮೇಲಿನ ನಂಬರ್ ನೋಡಿ ಹೇಗೆ ಗುರುತಿಸುವುದು? ಗೊತ್ತಿದ್ದವರು ದಯವಿಟ್ಟು ಹೇಳಿ.